ಅರ್ಜೆಂಟು ಅಂದರೆ ಸಾಲದು

ನನ್ನ ಮಗಳು ಹತ್ತನೇ ಕ್ಲಾಸು. ಬೆಳಿಗ್ಗೆ ಡಬ್ಬಿ ಕಟ್ಟುವ ಹೊತ್ತಿಗೆ ಬ್ಯಾಗಿನಿಂದ ಮುದುರಿದ ಹಾಳೆಯೊಂದನ್ನು ತೆಗೆದಳು. "ಅಮ್ಮಾ, ಸೈನ್ ಹಾಕು." ಪರೀಕ್ಷೆಗೆ ಕಳಿಸುವ ವಿವರಗಳ ಪ್ರತಿ ಅದು. ಹೆಸರು, ಹುಟ್ಟಿದ ದಿನ, ಫೋಟೊ ಎಲ್ಲಾ ಸರಿ. ತಾಯಿಯ ಹೆಸರಿನಲ್ಲಿ ಮಾತ್ರ ಸುಮಿತ್ರಾ ಹೋಗಿ ಸುಚಿತ್ರಾ! ಕೆಳಗೆ, ತಿದ್ದುಪಡಿಗೆ ಕೊನೆಯ ದಿನ ಅಂತ ಅವತ್ತಿನದೇ ತಾರೀಕು, ಸಂಜೆ 5 ಗಂಟೆ.

ಗಾಬರಿಯಲ್ಲಿ ಹೆಡ್‌ಮಾಸ್ಟರಿಗೆ ವಾಟ್ಸಾಪ್ ಮಾಡಿದೆ: "ಸರ್, ತುಂಬಾ ಅರ್ಜೆಂಟು, ಇವತ್ತೇ ನಿಮ್ಮನ್ನ ನೋಡಬೇಕು." ಉತ್ತರ ಬಂತು: "ಇವತ್ತು ಮೀಟಿಂಗ್ ಇದೆ, ಗುರುವಾರ ಬನ್ನಿ."

ಎದುರುಮನೆಯ ನಿವೃತ್ತ ಗುಮಾಸ್ತರು ನನ್ನ ಮೆಸೇಜು ಓದಿ ನಕ್ಕರು. "ಅಲ್ಲಮ್ಮಾ, ಯಾಕೆ ಅಂತ ಬರೆದೇ ಇಲ್ವಲ್ಲ. ಬರೋರೆಲ್ಲ ಅರ್ಜೆಂಟು ಅಂತಾನೇ ಬರೋದು. ಗುರುವಾರಕ್ಕೆ ಏನು ಕೆಡುತ್ತೆ, ಅವರು ಏನು ಮಾಡಿಕೊಡಬೇಕು, ಎಷ್ಟು ಹೊತ್ತು ಬೇಕು, ಅದನ್ನ ಬರಿ."

ಮತ್ತೆ ಬರೆದೆ:

"ನಮಸ್ಕಾರ ಸರ್. ನಾನು 10ನೇ 'ಬಿ' ವಿಭಾಗದ ಮೇಘಾಳ ತಾಯಿ ಸುಮಿತ್ರಾ. ಪರೀಕ್ಷೆಯ ವಿವರದಲ್ಲಿ ನನ್ನ ಹೆಸರು 'ಸುಚಿತ್ರಾ' ಎಂದಾಗಿದೆ. ತಿದ್ದಲು ಇವತ್ತು ಸಂಜೆ 5ರವರೆಗೆ ಮಾತ್ರ ಅವಕಾಶ, ಅದೂ ಶಾಲೆಯ ಲಾಗಿನ್‌ನಿಂದ. ಆಮೇಲಾದರೆ ಅಂಕಪಟ್ಟಿಯಲ್ಲೂ ಇದೇ ತಪ್ಪು ಬರುತ್ತದೆ. ದಾಖಲಾತಿ ವಹಿ ನೋಡಿ ಹೆಸರು ತಿದ್ದಿಸಿಕೊಡಬೇಕು. ಹತ್ತು ನಿಮಿಷ ಸಾಕು. ಮಗಳ ಜನನ ಪ್ರಮಾಣಪತ್ರ, ನನ್ನ ಆಧಾರ್ ತರುತ್ತೇನೆ. 12ರಿಂದ 4ರೊಳಗೆ ಯಾವಾಗ ಬರಲಿ? ನೀವು ಮೀಟಿಂಗ್‌ನಲ್ಲಿದ್ದರೆ ಯಾರನ್ನು ಕಾಣಲಿ?"

ತಪ್ಪಿರುವ ಕಡೆ ಗೆರೆ ಎಳೆದು ಹಾಳೆಯ ಫೋಟೊನೂ ಕಳಿಸಿದೆ. ಸ್ವಲ್ಪ ಹೊತ್ತಿಗೇ ಉತ್ತರ: "2.30ಕ್ಕೆ ಬನ್ನಿ. ವಹಿ ತೆಗೆದಿಡಲು ಹೇಳಿದ್ದೇನೆ."

ಹೋದಾಗ ವಹಿ ಮೇಜಿನ ಮೇಲೇ ಇತ್ತು. ಅದರಲ್ಲಿ ನನ್ನ ಹೆಸರು ಸರಿಯಾಗಿತ್ತು, ತಪ್ಪು ಟೈಪಿಂಗಿನದು. ಅಲ್ಲೇ ತಿದ್ದಿ ಹೊಸ ಪ್ರತಿ ತೆಗೆದರು. ಕನ್ನಡ, ಇಂಗ್ಲಿಷ್ ಎರಡರಲ್ಲೂ ಅಕ್ಷರ ಅಕ್ಷರ ಓದಿ ಸಹಿ ಹಾಕಿದೆ.

ಹೊರಡುವಾಗ ಹೆಡ್‌ಮಾಸ್ಟರು ಒಂದು ಮಾತು ಹೇಳಿದರು: "ವಹಿಯಲ್ಲೇ ತಪ್ಪಿದ್ದಿದ್ರೆ ಇವತ್ತು ಆಗ್ತಿರ್ಲಿಲ್ಲಮ್ಮ. ನೀವು ಹೇಳಿದ್ರಿ ಅಂತ ನಾನು ವಹಿ ತಿದ್ದೋ ಹಾಗಿಲ್ಲ. ಅದಕ್ಕೆ ದಾಖಲೆ ಇಟ್ಟು ಬೇರೆ ಅರ್ಜಿ ಕೊಡಬೇಕು." ಆಗ ಹೊಳೆಯಿತು, ವಹಿಯ ಹೆಸರೆತ್ತಿದ್ದೇ ಒಳ್ಳೆಯದಾಯಿತು. ಇಲ್ಲದಿದ್ದರೆ ಆ ಹತ್ತು ನಿಮಿಷ ಅದನ್ನು ಹುಡುಕುವುದಕ್ಕೇ ಹೋಗುತ್ತಿತ್ತು.

ನಿಮ್ಮ ಮನೆಯಲ್ಲೂ ಹತ್ತನೇ ಕ್ಲಾಸಿನವರಿದ್ದರೆ ಇವತ್ತು ರಾತ್ರಿಯೇ ಬ್ಯಾಗ್ ನೋಡಿಬಿಡಿ. ನಮ್ಮನೆಯ ಹಾಳೆ ಅದರೊಳಗೆ ನಾಲ್ಕು ದಿನ ಕೂತಿತ್ತಂತೆ!