ತುಂಬಿದ ಡ್ರೈವ್‌ನಲ್ಲಿ ಮದುವೆ ವಿಡಿಯೊ

ರಾತ್ರಿ ಹನ್ನೊಂದಕ್ಕೆ ಎಕ್ಸ್‌ಪೋರ್ಟ್ ನಿಂತಿತು. ಎರಡು ಗಂಟೆಯ ಮದುವೆ ವಿಡಿಯೊ, ಬೆಳಿಗ್ಗೆ ವಧುವಿನ ತಂದೆ ಬಂದು ತೆಗೆದುಕೊಂಡು ಹೋಗಬೇಕಿತ್ತು. ಪರದೆಯ ಮೇಲೆ ಡಿಸ್ಕ್‌ನಲ್ಲಿ ಜಾಗವಿಲ್ಲ ಎಂಬ ಸಂದೇಶ. ಒಂದು ಟೆರಾಬೈಟ್ ಡ್ರೈವ್‌ನಲ್ಲಿ ಉಳಿದಿದ್ದದ್ದು 18 ಜಿಬಿ. ಸೆಕೆಂಡಿಗೆ 40 ಮೆಗಾಬಿಟ್ ದರದಲ್ಲಿ ತೆಗೆಯುವ ಎರಡು ಗಂಟೆಯ ವಿಡಿಯೊಗೆ ಬೇಕಾದದ್ದು 36 ಜಿಬಿ. ಲೆಕ್ಕ ಕಷ್ಟದ್ದೇನಲ್ಲ. 40ನ್ನು 8ರಿಂದ ಭಾಗಿಸಿದರೆ ಸೆಕೆಂಡಿಗೆ 5 ಎಂಬಿ, ಗಂಟೆಗೆ 18 ಜಿಬಿ. ಎಕ್ಸ್‌ಪೋರ್ಟ್ ಕಿಟಕಿಯ ಕೆಳಗೆ `Estimated File Size` ಎಂದು ಪ್ರೀಮಿಯರ್ ಪ್ರೊ ತಾನೇ ಇದನ್ನು ಬರೆದು ತೋರಿಸುತ್ತದೆ. ನಾನು ನೋಡಿರಲಿಲ್ಲ.

ಆ ಹೊತ್ತಿನಲ್ಲಿ ಕೈ ಮೊದಲು ಹೋಗುವುದು ದೊಡ್ಡ ಫೋಲ್ಡರ್‌ಗಳ ಕಡೆಗೆ. ದೊಡ್ಡ ಫೋಲ್ಡರ್ ಎಂದರೆ ಕ್ಯಾಮೆರಾದ ಫುಟೇಜ್. ನಮ್ಮ ಕೆಲಸದಲ್ಲಿ ಆಗುವ ಅನಾಹುತಗಳಲ್ಲಿ ಹೆಚ್ಚಿನವು ಆ ಗಳಿಗೆಯಲ್ಲೇ ಆಗುತ್ತವೆ. ನನ್ನ ಜೊತೆ ಕೆಲಸ ಮಾಡುವ ಹುಡುಗ ಅಂದು ಕೇಳಿದ: "ಅಣ್ಣಾ, ಈ C0042 ಎರಡೆರಡು ಕಡೆ ಇದೆ. ಒಂದನ್ನ ತೆಗೆದುಬಿಡ್ಲಾ?"

ಅವನು ತೋರಿಸಿದ ಹೆಸರುಗಳನ್ನು ಹತ್ತಿರದಿಂದ ನೋಡೋಣ. ಫುಟೇಜ್ ಫೋಲ್ಡರ್‌ನಲ್ಲಿ ಒಂದು ಫೈಲ್, ಇನ್ನೊಂದು ಫೋಲ್ಡರ್‌ನಲ್ಲಿ ಅದೇ ಹೆಸರು ಹೊತ್ತ ಎರಡು ಫೈಲ್:

```
C0042.MP4
C0042.MP4 48000.cfa
C0042.MP4 48000.pek
```

ಮೊದಲನೆಯದು ಮೂಲ. ಕೆಳಗಿನವೆರಡು ಅದರ ನಕಲುಗಳಲ್ಲ, ಪ್ರೀಮಿಯರ್ ತನ್ನ ಅನುಕೂಲಕ್ಕೆ ಮಾಡಿಕೊಂಡ ಕ್ಯಾಶ್ ಫೈಲ್‌ಗಳು. ದೋಸೆ ಹಿಟ್ಟಿನ ಉದಾಹರಣೆ ಕೊಟ್ಟು ಅವನಿಗೆ ವಿವರಿಸಿದೆ. ಡಬ್ಬದಲ್ಲಿರುವ ಅಕ್ಕಿ, ಉದ್ದು ಮೂಲ. ರುಬ್ಬಿಟ್ಟ ಹಿಟ್ಟು ಕ್ಯಾಶ್. ಹಿಟ್ಟು ಇದ್ದರೆ ಬೆಳಿಗ್ಗೆ ದೋಸೆ ಬೇಗ ಆಗುತ್ತದೆ. ಚೆಲ್ಲಿಹೋದರೆ ಮತ್ತೆ ರುಬ್ಬಬಹುದು, ಒಂದಿಷ್ಟು ಹೊತ್ತು ಹಿಡಿಯುತ್ತದೆ, ಅಷ್ಟೆ. ಅಕ್ಕಿಯೇ ಹೋದರೆ ಹಿಟ್ಟಿನಿಂದ ಅಕ್ಕಿ ಮಾಡಲಾಗದು. ಹಾಗಾಗಿ ಒಂದು ಫೈಲ್ ಅಳಿಸುವ ಮೊದಲು ಅದು ಎಷ್ಟು ದೊಡ್ಡದು ಎಂದು ಕೇಳಿದರೆ ಸಾಲದು. ಇದನ್ನು ಕಂಪ್ಯೂಟರ್ ಮತ್ತೆ ತಯಾರಿಸಬಲ್ಲದೇ ಎಂದು ಕೇಳಬೇಕು.

`.cfa` ಫೈಲ್ ಏನೆಂದರೆ ಒತ್ತಿ ಕುಗ್ಗಿಸಿದ ಧ್ವನಿಯನ್ನು ಬಿಚ್ಚಿ ಹರಡಿಟ್ಟದ್ದು. ಮೊಬೈಲ್, ಹಲವು ಕ್ಯಾಮೆರಾಗಳು ಧ್ವನಿಯನ್ನು ಕುಗ್ಗಿಸಿ ಉಳಿಸುತ್ತವೆ. ಎಡಿಟ್ ಮಾಡುವಾಗ ಎಲ್ಲೆಂದರಲ್ಲಿ ಕತ್ತರಿಸಿ, ಹಿಂದೆ ಮುಂದೆ ಓಡಿಸಿ ಕೇಳಬೇಕಾದ್ದರಿಂದ ಪ್ರೀಮಿಯರ್ ಅದನ್ನು ಮೊದಲೇ ಬಿಚ್ಚಿ ಇಟ್ಟುಕೊಳ್ಳುತ್ತದೆ. ಬಿಚ್ಚಿದ ಧ್ವನಿಗೆ ಸೆಕೆಂಡಿಗೆ 48,000 ಮಾದರಿ, ಒಂದೊಂದಕ್ಕೆ 4 ಬೈಟ್, ಸ್ಟೀರಿಯೊ ಆದ್ದರಿಂದ ಎರಡು ಪಾಲು. ಗಂಟೆಗೆ ಸುಮಾರು 1.4 ಜಿಬಿ. ಎಂಟು ಗಂಟೆ ಫುಟೇಜ್ ಇರುವ ಮದುವೆಗೆ 11 ಜಿಬಿ. ಒಂದು ಮದುವೆಗೆ ಇದು ಹೊರೆಯೇ ಅಲ್ಲ. ಆದರೆ ಎಲ್ಲ ಪ್ರಾಜೆಕ್ಟ್‌ಗಳ ಕ್ಯಾಶ್ ಸೇರುವುದು ಒಂದೇ ಫೋಲ್ಡರ್‌ಗೆ. ಕೆಲಸ ಮುಗಿಸಿ ಫುಟೇಜನ್ನು ಬೇರೆ ಡ್ರೈವ್‌ಗೆ ಸಾಗಿಸಿದರೂ ಈ ಫೈಲ್‌ಗಳು ಕದಲುವುದಿಲ್ಲ, ಏಕೆಂದರೆ ಅವು ಇರುವ ಜಾಗ ಕಣ್ಣಿಗೆ ಬೀಳುವಂಥದ್ದಲ್ಲ. ವಿಂಡೋಸ್‌ನಲ್ಲಿ ಅದರ ವಿಳಾಸ ಹೀಗೆ:

```
%APPDATA%\Adobe\Common\Media Cache Files
```

ಇದನ್ನು ಫೈಲ್ ಎಕ್ಸ್‌ಪ್ಲೋರರ್‌ನ ವಿಳಾಸ ಪಟ್ಟಿಯಲ್ಲಿ ಹಾಕಿ ಎಂಟರ್ ಒತ್ತಿದರೆ ಫೋಲ್ಡರ್ ತೆರೆದುಕೊಳ್ಳುತ್ತದೆ. ಅಲ್ಲಿರುವುದನ್ನೆಲ್ಲ ಆಯ್ದುಕೊಂಡು ರೈಟ್ ಕ್ಲಿಕ್ ಮಾಡಿ `Properties` ನೋಡಿದರೆ ಒಟ್ಟು ತೂಕ ಸಿಗುತ್ತದೆ. ನನ್ನದರಲ್ಲಿ 118 ಜಿಬಿ ಕೂತಿತ್ತು. ಮಾಘದಿಂದ ವೈಶಾಖದವರೆಗೆ ಮಾಡಿದ ಮದುವೆಗಳೆಲ್ಲ ಅಲ್ಲಿದ್ದವು.

ಇದಕ್ಕಿಂತ ವೇಗವಾಗಿ ಜಾಗ ನುಂಗುವುದು ಪ್ರಿವ್ಯೂ ಫೈಲ್. ಆರತಕ್ಷತೆಯ ಬಣ್ಣದ ದೀಪಗಳ ಕೆಳಗೆ ತೆಗೆದ 4ಕೆ ದೃಶ್ಯಕ್ಕೆ ಬಣ್ಣ ತಿದ್ದಿ, ನಾಯ್ಸ್ ತೆಗೆದರೆ ಟೈಮ್‌ಲೈನ್ ಮೇಲೆ ಕೆಂಪು ಗೆರೆ ಮೂಡುತ್ತದೆ. ವಿಡಿಯೊ ತಡವರಿಸದೆ ಓಡಬೇಕೆಂದರೆ ಆ ಭಾಗವನ್ನು ರೆಂಡರ್ ಮಾಡಬೇಕು, ಆಗ ಗೆರೆ ಹಸಿರಾಗುತ್ತದೆ. ಆ ಹಸಿರು ಗೆರೆಯ ಹಿಂದೆ ಡ್ರೈವ್‌ನಲ್ಲಿ ಒಂದು ಹೊಸ ವಿಡಿಯೊ ಫೈಲ್ ಹುಟ್ಟಿರುತ್ತದೆ. ನಾನು ಪ್ರಿವ್ಯೂಗೆ ಆರಿಸಿದ್ದು ಪ್ರೋರೆಸ್ 422 ಎಚ್‌ಕ್ಯೂ. 4ಕೆಯಲ್ಲಿ, ಸೆಕೆಂಡಿಗೆ 25 ಫ್ರೇಮ್ ಇದ್ದಾಗ ಅದರ ದರ 737 ಮೆಗಾಬಿಟ್. ನಿಮಿಷಕ್ಕೆ ಐದೂವರೆ ಜಿಬಿ! ನಮ್ಮ ಕ್ಯಾಮೆರಾದ ಮೂಲ ಫುಟೇಜ್ ಕೇವಲ 100 ಮೆಗಾಬಿಟ್‌ನದು, ಅಂದರೆ ಪ್ರಿವ್ಯೂ ಮೂಲಕ್ಕಿಂತ ಏಳು ಪಟ್ಟು ಭಾರ. ಇಪ್ಪತ್ತು ನಿಮಿಷದ ಆರತಕ್ಷತೆಗೆ 110 ಜಿಬಿ ಹೋಗಿತ್ತು. ಸಾಲದ್ದಕ್ಕೆ, ಬಣ್ಣ ಒಂಚೂರು ಬದಲಿಸಿ ಮತ್ತೆ ರೆಂಡರ್ ಮಾಡಿದರೆ ಹೊಸ ಫೈಲ್ ಬರುತ್ತದೆ, ಹಳೆಯದು ಹಲವು ಸಲ ಹಾಗೆಯೇ ಉಳಿಯುತ್ತದೆ. ಪ್ರಾಜೆಕ್ಟ್ ಫೈಲ್ ಪಕ್ಕದಲ್ಲಿರುವ `Adobe Premiere Pro Video Previews` ಎಂಬ ಫೋಲ್ಡರ್ ತೆರೆದು ನೋಡಿ, ಮುಗಿದುಹೋದ ಕೆಲಸಗಳ ಪ್ರಿವ್ಯೂ ಇನ್ನೂ ಅಲ್ಲೇ ಇರುತ್ತವೆ.

ಅಂದು ರಾತ್ರಿ ಮಾಡಿದ್ದನ್ನು ಕ್ರಮವಾಗಿ ಹೇಳುತ್ತೇನೆ. ಮೊದಲು ಏನನ್ನೂ ಅಳಿಸಲಿಲ್ಲ. ಎರಡು ವಾರದ ದುಡಿಮೆಯೆಲ್ಲ ಇರುವುದು `.prproj` ಎಂಬ ಪ್ರಾಜೆಕ್ಟ್ ಫೈಲ್‌ನಲ್ಲಿ. ಯಾವ ಶಾಟ್ ಎಲ್ಲಿ ಕತ್ತರಿಸಿದೆ, ಯಾವ ಬಣ್ಣ ಕೊಟ್ಟೆ, ಓಲಗ ಎಲ್ಲಿ ಜೋರು ಮಾಡಿದೆ ಎಂಬುದೆಲ್ಲ ಅದರೊಳಗೆ. ಅದರಲ್ಲಿ ಚಿತ್ರವಾಗಲಿ ಧ್ವನಿಯಾಗಲಿ ಇಲ್ಲವಾದ್ದರಿಂದ ತೂಕ ಕೆಲವೇ ಎಂಬಿ. ತುಂಬಿದ ಡ್ರೈವ್‌ನ ನಿಜವಾದ ಅಪಾಯ ಇದಕ್ಕೇ. ಸೇವ್ ಮಾಡುತ್ತಿರುವಾಗಲೇ ಜಾಗ ಮುಗಿದರೆ ಫೈಲ್ ಕೆಡುವ ಸಾಧ್ಯತೆ ಇದೆ, ಆಟೊ ಸೇವ್ ಕೂಡ ಅದೇ ಡ್ರೈವ್‌ನಲ್ಲಿದ್ದರೆ ಅದೂ ನೆರವಿಗೆ ಬರದು. ಹಾಗಾಗಿ ಅದರ ಒಂದು ಪ್ರತಿಯನ್ನು ಪೆನ್ ಡ್ರೈವ್‌ಗೆ ಹಾಕಿ, ಪ್ರೀಮಿಯರ್ ಮುಚ್ಚಿದೆ.

ಆಮೇಲೆ ರೀಸೈಕಲ್ ಬಿನ್. ಹಿಂದಿನ ವಾರ ಅಳಿಸಿದ್ದೆ ಎಂದುಕೊಂಡಿದ್ದ 31 ಜಿಬಿ ಅಲ್ಲೇ ಇತ್ತು. ಬಿನ್ ಖಾಲಿ ಮಾಡುವವರೆಗೆ ಜಾಗ ಬಿಡುಗಡೆಯಾಗುವುದಿಲ್ಲ. ಅದರೊಳಗೆ ಏನಿದೆ ಎಂದು ಒಮ್ಮೆ ನೋಡಿ ಖಾಲಿ ಮಾಡಿದೆ. 18 ಇದ್ದದ್ದು 49 ಆಯಿತು.

ಮೂರನೆಯದು ಮೀಡಿಯಾ ಕ್ಯಾಶ್. `Edit > Preferences > Media Cache` ಒಳಗೆ `Delete` ಗುಂಡಿ ಇದೆ, ಕ್ಯಾಶನ್ನೆಲ್ಲ ಒಟ್ಟಿಗೆ ಅಳಿಸುವ ಆಯ್ಕೆಯೂ ಇದೆ. ನಾನು ಅದನ್ನು ಒತ್ತಲಿಲ್ಲ. ನಾಳೆ ಕೊಡಬೇಕಾದ ಮದುವೆಯ ಕ್ಯಾಶ್ ಹೋದರೆ ಪ್ರಾಜೆಕ್ಟ್ ತೆರೆದ ತಕ್ಷಣ ಅದು ಎಲ್ಲ ಕ್ಲಿಪ್‌ಗಳ ಧ್ವನಿಯನ್ನೂ ಮತ್ತೆ ಬಿಚ್ಚಲು ಕೂರುತ್ತದೆ. ಅಷ್ಟು ಹೊತ್ತು ಅಲೆಗೆರೆಗಳು ಕಾಣುವುದಿಲ್ಲ, ಕೆಲವು ಕ್ಲಿಪ್ ಮೂಕವಾಗಿರುತ್ತವೆ. ಹೊಸಬರು ಇದನ್ನು ಕಂಡು ಫುಟೇಜೇ ಹಾಳಾಯಿತೆಂದು ಹೆದರುತ್ತಾರೆ. ಹೆದರಬೇಕಾಗಿಲ್ಲ, ಕಿಟಕಿಯ ಕೆಳಮೂಲೆಯಲ್ಲಿ ಓಡುವ ಪಟ್ಟಿ ಮುಗಿಯುವವರೆಗೆ ಕಾದರೆ ಸಾಕು. ಆದರೆ ಆ ರಾತ್ರಿ ಕಾಯಲು ಹೊತ್ತಿರಲಿಲ್ಲ. ಹಾಗಾಗಿ ಫೋಲ್ಡರ್ ತೆರೆದು ಫೈಲ್‌ಗಳನ್ನು ದಿನಾಂಕದ ಪ್ರಕಾರ ಜೋಡಿಸಿ, ಈ ಮದುವೆಗಿಂತ ಹಿಂದಿನವನ್ನು ಮಾತ್ರ ಅಳಿಸಿದೆ. 104 ಜಿಬಿ ಬಂತು. ಒಟ್ಟು 153.

ಮುಗಿದ ಪ್ರಾಜೆಕ್ಟ್‌ಗಳ ಪ್ರಿವ್ಯೂ ಫೋಲ್ಡರ್‌ಗಳಿಂದ ಇನ್ನೂ 96. ಈಗ 249 ಜಿಬಿ ಖಾಲಿ. ಎಕ್ಸ್‌ಪೋರ್ಟ್ ಹಚ್ಚಿ ಮಲಗಿದೆವು. ಒಂದೇ ಒಂದು ಫುಟೇಜ್ ಫೈಲ್ ಮುಟ್ಟಿರಲಿಲ್ಲ.

ಎಲ್ಲಿ ಎಡವಬಹುದು ಎಂಬುದನ್ನೂ ಹೇಳಬೇಕು. ಓಲಗದವರ ಮುಂದೆ ಇಟ್ಟ ರೆಕಾರ್ಡರ್‌ನ `.wav` ಫೈಲ್‌ಗಳನ್ನು ಕೆಲವರು ಕ್ಯಾಶ್ ಎಂದು ತಿಳಿಯುತ್ತಾರೆ. ಅವು ಮೂಲ, ಹೋದರೆ ಹೋದಂತೆಯೇ. ಡಾವಿಂಚಿ ರಿಸಾಲ್ವ್ ಬಳಸುವವರಿಗೆ ಇನ್ನೊಂದು ಮಾತು. ಅಲ್ಲಿ `CacheClip` ಫೋಲ್ಡರ್ ಮತ್ತೆ ಹುಟ್ಟಬಲ್ಲದ್ದು, `Playback > Delete Render Cache` ಮೂಲಕ ಅದನ್ನು ತೆಗೆಯಬಹುದು. ಅದರ ಜೊತೆಗೇ ಇರುವ `.gallery` ಫೋಲ್ಡರ್ ಅಂಥದ್ದಲ್ಲ. ಬಣ್ಣ ತಿದ್ದುವಾಗ ಉಳಿಸಿಕೊಂಡ ಸ್ಟಿಲ್‌ಗಳು ಅದರಲ್ಲಿರುತ್ತವೆ, ಅವನ್ನು ಸಾಫ್ಟ್‌ವೇರ್ ತಾನಾಗಿ ಮತ್ತೆ ಮಾಡಿಕೊಡುವುದಿಲ್ಲ. ಎರಡೂ ಒಂದೇ ಕಡೆ ಇರುವುದರಿಂದ ಒಟ್ಟಿಗೆ ಅಳಿಸಿ ಪರಿತಪಿಸಿದವರಿದ್ದಾರೆ.

ಮರುದಿನ ಕೂತು ಎರಡು ಸೆಟ್ಟಿಂಗ್ ಬದಲಿಸಿದೆ. ಒಂದು, ಪ್ರಿವ್ಯೂ ಗಾತ್ರ. `Sequence > Sequence Settings` ಒಳಗೆ ಪ್ರಿವ್ಯೂ ಅಗಲ, ಎತ್ತರವನ್ನು 1920, 1080 ಮಾಡಿದರೆ ನಿಮಿಷಕ್ಕೆ ಐದೂವರೆ ಜಿಬಿ ಇದ್ದದ್ದು ಒಂದೂವರೆಗಿಂತ ಕಡಿಮೆಗೆ ಇಳಿಯುತ್ತದೆ. 110 ಜಿಬಿಯ ಆರತಕ್ಷತೆ 28 ಜಿಬಿಯಲ್ಲಿ ಮುಗಿಯಿತು. ಎಕ್ಸ್‌ಪೋರ್ಟ್ ಮಾಡುವಾಗ `Use Previews` ಗುರುತು ಹಾಕದಿದ್ದರೆ ಕೊನೆಯ ವಿಡಿಯೊ ಮೂಲ ಫುಟೇಜ್‌ನಿಂದಲೇ ತಯಾರಾಗುತ್ತದೆ, ಗುಣಮಟ್ಟ ಎಳ್ಳಷ್ಟೂ ಕಡಿಮೆಯಾಗದು.

ಇನ್ನೊಂದು, ಕ್ಯಾಶ್ ಇರುವ ಜಾಗ. ವಿಂಡೋಸ್ ಇರುವ ಡ್ರೈವ್‌ನಿಂದ ಅದನ್ನು ಹೊರಗಿನ ಎಸ್‌ಎಸ್‌ಡಿಗೆ ಸಾಗಿಸಿದೆ. ಅದೇ `Media Cache` ಪುಟದಲ್ಲಿ `Browse` ಒತ್ತಿ ಹೊಸ ಫೋಲ್ಡರ್ ತೋರಿಸಿದರಾಯಿತು. ಕ್ಯಾಶ್‌ಗೆ ವೇಗ ಬೇಕು, ಪೆನ್ ಡ್ರೈವ್‌ನಲ್ಲಿ ಇಟ್ಟರೆ ಅದು ಇದ್ದೂ ಪ್ರಯೋಜನವಿಲ್ಲ. ಅಲ್ಲೇ 90 ದಿನಕ್ಕಿಂತ ಹಳೆಯ ಕ್ಯಾಶನ್ನು ತಾನಾಗಿ ಅಳಿಸುವ ಆಯ್ಕೆಯನ್ನೂ ಹಾಕಿದೆ. ಮೂರು ತಿಂಗಳಾದ ಮೇಲೂ ಬೇಕೆನಿಸುವ ಕ್ಯಾಶ್ ನನಗೆ ಇದುವರೆಗೆ ಸಿಕ್ಕಿಲ್ಲ.

ಒಳಗಿನ ಡ್ರೈವ್‌ನಲ್ಲಿ ಐದನೇ ಒಂದು ಭಾಗ ಖಾಲಿ ಬಿಡುವುದನ್ನು ಈಗ ರೂಢಿ ಮಾಡಿಕೊಂಡಿದ್ದೇನೆ. ಎಸ್‌ಎಸ್‌ಡಿ ಕಂಠಮಟ್ಟ ತುಂಬಿದರೆ ಬರೆಯುವ ವೇಗ ಕುಸಿಯುತ್ತದೆ, ಏಕೆಂದರೆ ಹೊಸದನ್ನು ಬರೆಯುವ ಮೊದಲು ಹಳೆಯದನ್ನು ಸರಿಸಿ ಜಾಗ ಮಾಡಿಕೊಳ್ಳುವ ಕೆಲಸ ಅದಕ್ಕೆ ಹೆಚ್ಚುತ್ತದೆ. ರ‍್ಯಾಮ್ ಸಾಲದಾದಾಗ ವಿಂಡೋಸ್ ನೆಚ್ಚಿಕೊಳ್ಳುವುದೂ ಅದೇ ಖಾಲಿ ಜಾಗವನ್ನು. ನಿನ್ನೆಯವರೆಗೆ ಸರಾಗವಾಗಿ ಓಡುತ್ತಿದ್ದ ಟೈಮ್‌ಲೈನ್ ಇದ್ದಕ್ಕಿದ್ದಂತೆ ತಡವರಿಸತೊಡಗಿದರೆ ಮೊದಲು ಡ್ರೈವ್‌ನಲ್ಲಿ ಎಷ್ಟು ಜಾಗ ಉಳಿದಿದೆ ಎಂದು ನೋಡಿ.

ಆಷಾಢದಲ್ಲಿ ಮದುವೆಗಳಿರುವುದಿಲ್ಲ. ಫುಟೇಜನ್ನು ಎರಡು ಬೇರೆ ಬೇರೆ ಡ್ರೈವ್‌ಗಳಿಗೆ ನಕಲು ಮಾಡಿ, ಎರಡರಿಂದಲೂ ನಾಲ್ಕಾರು ಕ್ಲಿಪ್ ತೆರೆದು ಓಡಿಸಿ ನೋಡಿದ ಮೇಲೆ ಲ್ಯಾಪ್‌ಟಾಪ್‌ನಿಂದ ಅಳಿಸಲು ನಮ್ಮ ಕಸುಬಿನವರಿಗೆ ಇದಕ್ಕಿಂತ ಒಳ್ಳೆಯ ತಿಂಗಳಿಲ್ಲ. ನಡುರಾತ್ರಿಯಲ್ಲಿ, ಗಿರಾಕಿ ಬೆಳಿಗ್ಗೆ ಬರುತ್ತಾರೆಂಬ ಧಾವಂತದಲ್ಲಿ, ದಯವಿಟ್ಟು ಫುಟೇಜ್ ಅಳಿಸಬೇಡಿ.