ಫೋಟೊ ನೋಡಿ ಅನುವಾದಿಸಿದವರು ಯಾವುದಕ್ಕೆ ಸಹಿ ಹಾಕಬೇಕು?

ಅಮೆರಿಕದ ವಲಸೆ ಇಲಾಖೆಗೆ ಪರಭಾಷೆಯ ದಾಖಲೆ ಕೊಟ್ಟರೆ ಪೂರ್ಣ ಇಂಗ್ಲಿಷ್ ಅನುವಾದ ಜೊತೆಗಿರಬೇಕು. ಅನುವಾದ ಸಂಪೂರ್ಣವಾಗಿದೆ, ನಿಖರವಾಗಿದೆ, ಆ ಭಾಷೆಯಿಂದ ಇಂಗ್ಲಿಷಿಗೆ ಅನುವಾದಿಸಲು ತಾನು ಸಮರ್ಥ ಎಂದು ಅನುವಾದಕರು ದೃಢೀಕರಿಸಬೇಕು. ಅಲ್ಲಿನ ಫೆಡರಲ್ ನಿಯಮಾವಳಿಯ 8ನೇ ಶೀರ್ಷಿಕೆಯ 103.2ನೇ ನಿಯಮ ಅನುವಾದಕರಿಂದ ಕೇಳುವುದು ಇಷ್ಟೇ. ಕೈಯಲ್ಲಿ ಮೂಲ ಪತ್ರವೇ ಇದ್ದರೆ ಇಷ್ಟು ಸಾಕು. ಆದರೆ ಈಗ ಅನುವಾದಕರಿಗೆ ಹೆಚ್ಚಾಗಿ ಬರುವುದು ಮೊಬೈಲಿನಲ್ಲಿ ತೆಗೆದ ಫೋಟೊ. ಅದನ್ನು ನೋಡಿ ‘ಸಂಪೂರ್ಣ’ ಎಂದು ಬರೆದರೆ ಯಾವುದರ ಸಂಪೂರ್ಣ? ಅನುವಾದಕರು ಪತ್ರವನ್ನು ನೋಡಿಲ್ಲ, ಅದರ ಚಿತ್ರವನ್ನು ನೋಡಿದ್ದಾರೆ. ಘೋಷಣಾಪತ್ರ ಮೊದಲು ಹೇಳಬೇಕಾದದ್ದು ಇದನ್ನೇ ಎಂಬುದು ನನ್ನ ವಾದ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಸೌದಿಯಲ್ಲಿ ದುಡಿದ ಮಂಗಳೂರು ಕಡೆಯ ಕುಟುಂಬವೊಂದು ಈಗ ಅಮೆರಿಕದಲ್ಲಿದೆ. ಸೌದಿಯಲ್ಲಿ ಹುಟ್ಟಿದ ಮಗುವಿನ ಅರಬ್ಬಿ ಜನನ ಪ್ರಮಾಣಪತ್ರದ ಎರಡು ಫೋಟೊಗಳು ಅನುವಾದಕರಿಗೆ ವಾಟ್ಸಾಪ್‌ನಲ್ಲಿ ಬಂದಿವೆ. ಕಾಗದ ಮಡಚಿದ ಗೆರೆ ಸರಿಯಾಗಿ ಹಿಜರಿ ದಿನಾಂಕದ ಮೇಲೆ ಹಾದಿದೆ. ಅರಬ್ಬಿ ಬರಹದ ಅಂಕಿಗಳಲ್ಲಿ ಎರಡಕ್ಕೂ ಮೂರಕ್ಕೂ ಇರುವ ವ್ಯತ್ಯಾಸ ತಲೆಯ ಮೇಲಿನ ಒಂದು ಪುಟ್ಟ ಏಣು ಮಾತ್ರ. ಸೊನ್ನೆಯಂತೂ ಬರೀ ಚುಕ್ಕೆ, ದೂಳಿನ ಕಣವೂ ಹಾಗೇ ಕಾಣುತ್ತದೆ. ಆ ದಿನ 1445ರ ರಂಜಾನ್ 2 ಆದರೆ ಸೌದಿ ಲೆಕ್ಕದಲ್ಲಿ 2024ರ ಮಾರ್ಚ್ 12, 3 ಆದರೆ ಮಾರ್ಚ್ 13. ಮಗುವಿನ ಪಾಸ್‌ಪೋರ್ಟಿನಲ್ಲಿ 12 ಎಂದಿದೆಯಲ್ಲ, ಹಾಗೇ ಹಾಕಿಬಿಡಿ ಎಂದು ಮನೆಯವರು ಹೇಳುತ್ತಾರೆ. ಅದು ಸರಿಯೂ ಇದ್ದೀತು. ಆದರೂ ಹಾಕಬಾರದು. ಪಾಸ್‌ಪೋರ್ಟ್ ನೋಡಿ ತುಂಬಿದರೆ ಅದು ಅನುವಾದವಲ್ಲ, ಒಂದು ದಾಖಲೆಯನ್ನು ಇನ್ನೊಂದಕ್ಕೆ ಹೊಂದಿಸಿದಂತೆ. ಅಧಿಕಾರಿ ಎರಡನ್ನೂ ಇಟ್ಟು ತಾಳೆ ನೋಡುವುದೇ ಅಂಥ ಹೊಂದಾಣಿಕೆ ಆಗಿದೆಯೇ ಎಂದು ತಿಳಿಯಲು. ಅನುವಾದದಲ್ಲಿ ‘2 ಅಥವಾ 3, ಫೋಟೊದಲ್ಲಿ ಮಡಿಕೆಯಿಂದ ಅಸ್ಪಷ್ಟ’ ಎಂದು ಚೌಕ ಕಂಸದೊಳಗೆ ಬರೆಯಬೇಕು. ಇಂಗ್ಲಿಷ್ ತಾರೀಕು ಮೂಲದಲ್ಲಿ ಕಾಣದಿದ್ದರೆ ಅದನ್ನೂ ಅನುವಾದಕರ ಟಿಪ್ಪಣಿಯೆಂದು ಬೇರೆಯಾಗಿ ತೋರಿಸಬೇಕು.

ಇನ್ನು ಘೋಷಣಾಪತ್ರದ ವಿನ್ಯಾಸ. ಒಂದೇ ಪುಟ ಸಾಕು. ಮೊದಲ ಪ್ಯಾರಾದಲ್ಲಿ ಅನುವಾದಕರ ಹೆಸರು, ಅರಬ್ಬಿಯಿಂದ ಇಂಗ್ಲಿಷಿಗೆ ಅನುವಾದಿಸಲು ಸಮರ್ಥ ಎಂಬ ಮಾತು, ಅದಕ್ಕೆ ಆಧಾರ. ಎರಡನೆಯದು ಎಲ್ಲಕ್ಕಿಂತ ಮುಖ್ಯ: ಮೂಲ ಪತ್ರವನ್ನು ನೋಡಿಲ್ಲ, IMG_2041.jpg ಮತ್ತು IMG_2042.jpg ಎಂಬ ಎರಡು ಫೋಟೊಗಳಿಂದ ಅನುವಾದಿಸಿದ್ದೇನೆ, ಅವುಗಳ ಮುದ್ರಿತ ಪ್ರತಿ ಇದರೊಂದಿಗಿದೆ ಎಂದು ಬರೆಯಬೇಕು. ಕಡತದ ಹೆಸರನ್ನು ಯಾರು ಬೇಕಾದರೂ ಬದಲಿಸಬಹುದಾದ್ದರಿಂದ ಮುದ್ರಿತ ಪ್ರತಿಯ ಮೇಲೂ ಅನುವಾದಕರ ಕಿರುಸಹಿ ಇರಲಿ. ಮೂರನೆಯದರಲ್ಲಿ ಮಿತಿಗಳು: ಮಡಿಕೆಯಲ್ಲಿ ಸಿಕ್ಕ ದಿನಾಂಕ, ಫ್ಲ್ಯಾಶಿನ ಬೆಳಕಿಗೆ ಅರ್ಧ ಅಳಿಸಿದಂತಾದ ದುಂಡು ಮೊಹರು, ಎರಡನೇ ಫೋಟೊದ ಅಂಚಿನಲ್ಲಿ ಕತ್ತರಿಸಿಹೋದ ಕೈಬರಹದ ಸಾಲು. ಅನುವಾದದೊಳಗೆ ಇಂಥ ಎಷ್ಟು ಗುರುತುಗಳಿವೆಯೋ ಇಲ್ಲಿಯೂ ಅಷ್ಟೇ ಇರಬೇಕು. ನಾಲ್ಕನೆಯದರಲ್ಲಿ, ಫೋಟೊದಲ್ಲಿ ಓದಲು ಸಿಗುವ ಎಲ್ಲದರ ಸಂಪೂರ್ಣ, ನಿಖರ ಅನುವಾದವಿದು ಎಂಬ ದೃಢೀಕರಣ. ಪತ್ರದ ಅಸಲಿತನದ ಬಗ್ಗೆ ಏನನ್ನೂ ಹೇಳುತ್ತಿಲ್ಲ ಎಂಬ ಒಂದು ವಾಕ್ಯ. ಕೆಳಗೆ ಸ್ಥಳ, ದಿನಾಂಕ, ಸಹಿ, ವಿಳಾಸ, ಫೋನ್.

ಇದಕ್ಕೆ ಮೊದಲ ಆಕ್ಷೇಪ, ನೋಟರಿ ಮುದ್ರೆಯಿಲ್ಲದ ಕಾಗದಕ್ಕೆ ಬೆಲೆಯೆಲ್ಲಿ ಎಂಬುದು. ಛಾಪಾ ಕಾಗದದ ಅಫಿಡವಿಟ್ ನೋಡಿ ಬೆಳೆದ ನಮಗೆ ಇದು ಸಹಜ. ಆದರೆ 103.2ನೇ ನಿಯಮ ಅನುವಾದಕ್ಕೆ ನೋಟರಿ ಕೇಳುವುದಿಲ್ಲ. ನೋಟರಿ ಹೇಳುವುದು ಸಹಿ ಹಾಕಿದವರು ಯಾರೆಂದು, ಅರಬ್ಬಿ ಸರಿಯಾಗಿ ಓದಲಾಗಿದೆಯೇ ಎಂದಲ್ಲ. ಕಾನೂನಿನ ತೂಕ ಬೇಕಿದ್ದರೆ ಅಮೆರಿಕ ಸಂಹಿತೆಯ 28ನೇ ಶೀರ್ಷಿಕೆಯ 1746ನೇ ಕಲಮಿದೆ. ಸುಳ್ಳಾದರೆ ಶಿಕ್ಷೆಗೆ ಒಳಪಡುತ್ತೇನೆ ಎಂಬ ಬರಹ, ಸಹಿ, ದಿನಾಂಕ ಇದ್ದರೆ ಅಲ್ಲಿನ ಫೆಡರಲ್ ವ್ಯವಹಾರದಲ್ಲಿ ಅದು ಸಾಮಾನ್ಯವಾಗಿ ಅಫಿಡವಿಟ್‌ನ ಜಾಗದಲ್ಲಿ ನಿಲ್ಲುತ್ತದೆ. ಮಂಗಳೂರಿನಲ್ಲಿ ಕೂತು ಸಹಿ ಹಾಕುವವರು ಆ ವಾಕ್ಯದಲ್ಲಿ ‘ಅಮೆರಿಕ ಸಂಯುಕ್ತ ಸಂಸ್ಥಾನದ ಕಾನೂನಿನಡಿ’ ಎಂದು ಸೇರಿಸಬೇಕು. ಅಮೆರಿಕದ ಹೊರಗೆ ಮಾಡುವ ಘೋಷಣೆಗೆ ಆ ಕಲಮು ಕೊಟ್ಟಿರುವ ಪಾಠವೇ ಬೇರೆ. ಮಾದರಿಯನ್ನು ಹಾಗೇ ನಕಲು ಮಾಡುವವರಿಂದ ಬಿಟ್ಟುಹೋಗುವ ಪದಗಳಿವು.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ನ್ಯೂನತೆಗಳನ್ನು ನಾವೇ ಪಟ್ಟಿಮಾಡಿ ಕೊಟ್ಟರೆ ಅರ್ಜಿ ದುರ್ಬಲವಾಗುವುದಿಲ್ಲವೇ? ಅಧಿಕಾರಿ ಸ್ಪಷ್ಟ ಪ್ರತಿ ಕೇಳಬಹುದು, ಅರ್ಜಿ ತಡವಾಗಬಹುದು, ನಿಜ. ಆದರೆ ಆ ತಡಕ್ಕೆ ಕಾರಣ ಫೋಟೊ, ಘೋಷಣೆಯಲ್ಲ. ಊಹಿಸಿ ಬರೆದ ದಿನಾಂಕ ಮುಂದೆ ಮೂಲ ಪತ್ರ ಬಂದಾಗ ತಪ್ಪೆಂದು ಗೊತ್ತಾದರೆ, ‘ಸಂಪೂರ್ಣ, ನಿಖರ’ ಎಂದು ಸಹಿ ಹಾಕಿದವರ ಉಳಿದ ಸಾಲುಗಳೂ ಸಂಶಯಕ್ಕೆ ಒಳಗಾಗುತ್ತವೆ. ಅದಕ್ಕಿಂತ ಸಹಿ ಹಾಕುವ ಮೊದಲೇ ಮನೆಯವರಿಂದ ಇನ್ನೊಂದು ಫೋಟೊ ತರಿಸುವುದು ಮೇಲು: ಕಾಗದವನ್ನು ಸಮತಟ್ಟಾಗಿ ಹರಡಿ, ಫ್ಲ್ಯಾಶ್ ಆರಿಸಿ, ನಾಲ್ಕೂ ಅಂಚು ಕಾಣುವಂತೆ ತೆಗೆದದ್ದು, ವಾಟ್ಸಾಪ್‌ನಲ್ಲಿ ಚಿತ್ರವಾಗಿ ಕುಗ್ಗದಂತೆ ಡಾಕ್ಯುಮೆಂಟ್ ಆಗಿ ಕಳಿಸಿದ್ದು. ಅಂಕಿಯ ಏಣು ಅದರಲ್ಲಿ ಕಂಡರೆ ಮೂರನೇ ಪ್ಯಾರಾದಿಂದ ದಿನಾಂಕದ ಮಾತು ತೆಗೆದು, ಎರಡನೆಯದರಲ್ಲಿ ಹೊಸ ಕಡತದ ಹೆಸರು ಹಾಕಿದರಾಯಿತು.