ಫ್ಲೂ ಲಸಿಕೆಯ ಮರುದಿನದ ರಟ್ಟೆ ನೋವು

ನಮ್ಮ ಚಿಕ್ಕಮ್ಮ ಒಂದು ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಫ್ಲೂ ಲಸಿಕೆ ಹಾಕಿಸಿಕೊಂಡರು. ವಯಸ್ಸು 64, ಜೊತೆಗೆ ಸಕ್ಕರೆ ಕಾಯಿಲೆ. ಡಾಕ್ಟರೇ ಹಾಕಿಸಿಕೊಳ್ಳಿ ಎಂದಿದ್ದರು. ಚುಚ್ಚಿದ್ದೇ ಗೊತ್ತಾಗಲಿಲ್ಲ ಎಂದು ಮನೆಗೆ ಬಂದು ಅಡುಗೆ ಮಾಡಿದರು. ಸಂಜೆಯ ಹೊತ್ತಿಗೆ ಎಡರಟ್ಟೆ ಭಾರವಾಯಿತು, ರಾತ್ರಿ ಆ ಮಗ್ಗುಲಿಗೆ ಮಲಗಲಾಗಲಿಲ್ಲ. ಭಾನುವಾರ ಎದ್ದಾಗ ಮೈಕೈ ನೋವು, ಸುಸ್ತು, ಥರ್ಮಾಮೀಟರಿನಲ್ಲಿ 99.8. "ಜ್ವರ ಬರಬಾರದು ಅಂತ ಹಾಕಿಸ್ಕೊಂಡ್ರೆ ಅದೇ ಜ್ವರ ತಂದುಬಿಡ್ತಲ್ಲೋ" ಎಂದು ನನಗೆ ಫೋನ್ ಮಾಡಿದರು.

ಅವರು ಹಾಕಿಸಿಕೊಂಡ ಇಂಜೆಕ್ಷನ್ನಿನಲ್ಲಿ ಜೀವಂತ ವೈರಸ್ ಇರುವುದಿಲ್ಲ. ನಿಷ್ಕ್ರಿಯಗೊಳಿಸಿದ ವೈರಸ್ಸಿನ ತುಣುಕುಗಳಿರುವ ಅರ್ಧ ಮಿಲಿಲೀಟರ್ ದ್ರವ ಅಷ್ಟೆ. ಅದು ದೇಹದಲ್ಲಿ ಬೆಳೆಯಲಾರದು, ಫ್ಲೂ ತರಲಾರದು. ಆದರೆ ರಟ್ಟೆಯ ಸ್ನಾಯುವಿಗೆ ಅದು ಹೊರಗಿನಿಂದ ಬಂದ ವಸ್ತು. ರಕ್ಷಣೆಯ ಕೋಶಗಳು ಅಲ್ಲಿ ಸೇರುತ್ತವೆ, ಸುತ್ತಲಿನವಕ್ಕೆ ಸುದ್ದಿ ಮುಟ್ಟಿಸುವ ರಾಸಾಯನಿಕಗಳನ್ನು ಬಿಡುತ್ತವೆ. ರಕ್ತನಾಳಗಳು ಹಿಗ್ಗಿ ನೀರು ಜಿನುಗಿ ಜಾಗ ಊದಿಕೊಳ್ಳುತ್ತದೆ, ನರಗಳ ತುದಿ ಸೂಕ್ಷ್ಮವಾಗುತ್ತದೆ. ಇದಕ್ಕೆಲ್ಲ ಕೆಲವು ಗಂಟೆ ಹಿಡಿಯುವುದರಿಂದಲೇ ಹನ್ನೊಂದಕ್ಕೆ ಇಲ್ಲದ ನೋವು ಸಂಜೆಗೆ ಬಂತು. ಅದೇ ರಾಸಾಯನಿಕಗಳು ರಕ್ತದಲ್ಲಿ ಬೆರೆತು ಮಿದುಳನ್ನು ತಲುಪಿದಾಗ ಸುಸ್ತು, ತಲೆನೋವು, ಸಣ್ಣ ಜ್ವರ.

ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಕೆಲವರಿಗೆ ಲಸಿಕೆ, ಉಳಿದವರಿಗೆ ಬರೀ ಉಪ್ಪುನೀರು ಚುಚ್ಚಿ, ಯಾರಿಗೆ ಯಾವುದೆಂದು ತಿಳಿಸದೆ ವಯಸ್ಕರ ಮೇಲೆ ಪ್ರಯೋಗಗಳು ನಡೆದಿವೆ. ಲಸಿಕೆ ಪಡೆದವರಲ್ಲಿ ಸ್ಪಷ್ಟವಾಗಿ ಹೆಚ್ಚು ಕಂಡದ್ದು ರಟ್ಟೆಯ ನೋವು ಮತ್ತು ಕೆಂಪು ಮಾತ್ರ. ಮೈಕೈ ನೋವು, ಜ್ವರ, ಕೆಮ್ಮು, ನೆಗಡಿ ಎರಡೂ ಗುಂಪಿನಲ್ಲಿ ಹೆಚ್ಚುಕಮ್ಮಿ ಒಂದೇ. ಹಾಗಾಗಿ ಲಸಿಕೆಯಾದ ವಾರದಲ್ಲಿ ಮೂಗು ಸೋರಿ ಗಂಟಲು ಕೆರೆದರೆ ಬೇರೆ ಸೋಂಕನ್ನು ಸಂದೇಹಿಸಬೇಕು. ಅದು ಫ್ಲೂ ಕೂಡ ಆಗಿರಬಹುದು, ಏಕೆಂದರೆ ಲಸಿಕೆಯ ರಕ್ಷಣೆ ಬಲಿಯಲು ಸುಮಾರು ಎರಡು ವಾರ ಬೇಕು.

ಚಿಕ್ಕಮ್ಮ ಒದ್ದೆ ಬಟ್ಟೆ ಇಟ್ಟುಕೊಂಡರು, ಒಂದು ಪ್ಯಾರಸಿಟಮಾಲ್ ನುಂಗಿದರು, ಕೈಯನ್ನು ಕಟ್ಟಿಹಾಕಿದಂತೆ ಇಡದೆ ಆಡಿಸುತ್ತಿದ್ದರು. ಸೋಮವಾರ ಸುಸ್ತು ಹೋಯಿತು. ಮಂಗಳವಾರ ಒತ್ತಿದರೆ ಮಾತ್ರ ನೋವು. ಮಾಮೂಲು ನೋವಿನ ಗುರುತು ಇದೇ: ಮೊದಲೆರಡು ದಿನ ಜೋರಾಗಿದ್ದು ಆಮೇಲೆ ದಿನದಿನಕ್ಕೆ ಇಳಿಯುತ್ತದೆ.

ಇಳಿಯದ ನೋವಿನ ಬಗ್ಗೆ ನಮ್ಮಲ್ಲಿ ಮಾತೇ ಕಡಿಮೆ. ಸೂಜಿಯ ಜಾಗ ಭುಜದ ಮೂಳೆಯ ತುದಿಯಿಂದ ಎರಡು ಮೂರು ಬೆರಳಗಲ ಕೆಳಗೆ, ದಪ್ಪ ಸ್ನಾಯುವಿನ ನಡುವೆ. ಅಂಗಿಯ ಕಾಲರ್ ಪಕ್ಕಕ್ಕೆ ಎಳೆದು ಅವಸರದಲ್ಲಿ ಚುಚ್ಚಿದರೆ ಸೂಜಿ ಮೇಲಾಗಿ, ಲಸಿಕೆ ಕೀಲಿನ ಬಳಿಯ ಚೀಲಕ್ಕೋ ಸ್ನಾಯುರಜ್ಜುವಿಗೋ ಸೇರಬಹುದು. ಆಗ ಸಾಮಾನ್ಯವಾಗಿ ಎರಡು ದಿನದೊಳಗೇ ಭುಜದಲ್ಲಿ ತೀವ್ರ ನೋವು ಶುರುವಾಗುತ್ತದೆ. ವಾರಗಳಾದರೂ ಹೋಗದು, ತಲೆ ಬಾಚಲು ಕೈ ಎತ್ತಲಾಗದು. ಇದು ಅಪರೂಪ. ಆದರೂ ಒಂದು ವಾರದ ನಂತರವೂ ಕೈ ಮೇಲೇಳದಿದ್ದರೆ "ಇಂಜೆಕ್ಷನ್ ನೋವು, ಹೋಗುತ್ತೆ" ಎಂದು ಕಾಯದೆ ಮೂಳೆ ಡಾಕ್ಟರಿಗೆ ತೋರಿಸಿ. ಸೂಜಿಯ ಜಾಗದ ಕೆಂಪು ಮೂರನೆಯ ದಿನದ ಮೇಲೂ ಹರಡುತ್ತ, ಬಿಸಿಯಾಗಿ ಕೀವು ಕಟ್ಟಿದರೆ ಅದೂ ಮಾಮೂಲಲ್ಲ.

ಪ್ರಾಣಕ್ಕೆ ಅಪಾಯವಾಗುವ ಅಲರ್ಜಿ ಬಹುಪಾಲು ನಿಮಿಷಗಳಲ್ಲೇ ತೋರುತ್ತದೆ: ಮೈತುಂಬ ಪಿತ್ತದ ಗಂಧೆ, ತುಟಿ ನಾಲಿಗೆ ಊತ, ಉಸಿರಿಗೆ ಕಷ್ಟ, ಕಣ್ಣು ಕತ್ತಲೆ. ಹತ್ತು ಲಕ್ಷ ಡೋಸಿಗೆ ಒಂದೆರಡು ಕಂಡುಬರುವ ಈ ಸ್ಥಿತಿಗೆ ಅಡ್ರಿನಲಿನ್ ಇಂಜೆಕ್ಷನ್ ತಕ್ಷಣ ಬೇಕು. ಲಸಿಕೆಯ ನಂತರ ಹದಿನೈದು ನಿಮಿಷ ಕೂರಿಸುವುದು ಇದಕ್ಕೂ, ಸೂಜಿಯ ಭಯಕ್ಕೆ ತಲೆಸುತ್ತಿ ಬೀಳುವವರನ್ನು ಕಾಯುವುದಕ್ಕೂ. ಮನೆಗೆ ಹೋದ ಮೇಲೆ ಕಂಡರೂ ನೇರ ಆಸ್ಪತ್ರೆಗೆ ಓಡಬೇಕು.

ಇನ್ನೊಂದು ಗಿಯಾನ್-ಬಾರೆ. ದೇಹದ ರಕ್ಷಣಾ ವ್ಯವಸ್ಥೆಯೇ ನರಗಳ ಮೇಲೆ ತಿರುಗಿಬೀಳುವ ಕಾಯಿಲೆ. 1976ರಲ್ಲಿ ಅಮೆರಿಕದ ಹಂದಿಜ್ವರದ ಲಸಿಕೆಯ ನಂತರ ಒಂದು ಲಕ್ಷ ಜನರಿಗೆ ಸುಮಾರು ಒಬ್ಬರಂತೆ ಹೆಚ್ಚುವರಿಯಾಗಿ ಕಂಡಿತ್ತು. ಈಗಿನ ಲಸಿಕೆಗಳಲ್ಲಿ ಅಂಥ ಹೆಚ್ಚಳ ಇದ್ದರೂ ಹತ್ತು ಲಕ್ಷಕ್ಕೆ ಒಂದೋ ಎರಡೋ. ಫ್ಲೂ ಬಂದರೂ ಇದು ತಗಲಬಹುದು. ಲಸಿಕೆಯಾಗಿ ಕೆಲವು ದಿನಗಳಿಂದ ಆರು ವಾರದೊಳಗೆ ಪಾದದಲ್ಲಿ ಜೋಮು ಶುರುವಾಗಿ ಕಾಲುಗಳ ಬಲ ಕುಂದುತ್ತ ಮೇಲೇರಿದರೆ ಒಂದು ದಿನವೂ ತಡಮಾಡಬಾರದು.

ಲಸಿಕೆಗೆ ಹೋಗುವ ದಿನ ಸಡಿಲ ತೋಳಿನ ಬಟ್ಟೆ ಹಾಕಿಕೊಳ್ಳಿ, ತೋಳನ್ನು ಭುಜದವರೆಗೂ ಪೂರ್ತಿ ತೆರೆದಿಡಿ. ಕೂತೇ ಚುಚ್ಚಿಸಿಕೊಳ್ಳಿ, ಹದಿನೈದು ನಿಮಿಷ ಎದ್ದು ಹೋಗಬೇಡಿ.